ಟ್ರಸ್ಟಿಗಳ ಸಭೆ: ವಾರ್ಷಿಕ ವರದಿಯ ಸ್ಲೈಡ್ ಮಾಡುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹಣಕಾಸಿನ ಸ್ಲೈಡಿನಲ್ಲಿ ಮಾರ್ಚ್ 31ರ ಬ್ಯಾಂಕ್ ಬ್ಯಾಲೆನ್ಸ್ ಒಂದನ್ನೇ ದೊಡ್ಡದಾಗಿ ಹಾಕಬೇಡಿ, ದುಡ್ಡು ಬೇಕಾದಷ್ಟಿದೆ ಅನ್ನಿಸಿಬಿಡುತ್ತದೆ. ಉದಾಹರಣೆಗೆ, ಖಾತೆಯಲ್ಲಿ 18 ಲಕ್ಷ ಇದೆ ಎನ್ನಿ. ಅದರಲ್ಲಿ 11 ಲಕ್ಷ ಗ್ರಂಥಾಲಯಕ್ಕೆಂದೇ ಬಂದು ಇನ್ನೂ ಖರ್ಚಾಗದ ಅನುದಾನ, 2 ಲಕ್ಷ ಕಾರ್ಪಸ್. ಇವನ್ನು ಸಂಬಳಕ್ಕೋ ಬಾಡಿಗೆಗೋ ಮುಟ್ಟುವ ಹಾಗಿಲ್ಲ. ಕೈಯಲ್ಲಿ ಉಳಿಯುವುದು 5 ಲಕ್ಷ. ತಿಂಗಳ ಖರ್ಚು 1.25 ಲಕ್ಷವಾದರೆ, ಹೊಸ ದೇಣಿಗೆ ಬರದಿದ್ದರೂ 4 ತಿಂಗಳು ನಡೆಯುತ್ತದೆ. ಸ್ಲೈಡಿನಲ್ಲಿ ದೊಡ್ಡ ಅಕ್ಷರ ಈ ನಾಲ್ಕಕ್ಕೆ ಸಿಗಲಿ, ಪಕ್ಕದಲ್ಲಿ ಕಳೆದ ವರ್ಷದ್ದು. ಅಂಕಿಗಳನ್ನು ಆಡಿಟರ್ ಸಹಿ ಮಾಡಿದ ಬ್ಯಾಲೆನ್ಸ್ ಶೀಟಿನಿಂದಲೇ ತೆಗೆಯಿರಿ. ಪಾಸ್‌ಬುಕ್ ನೋಡಿ ಬರೆದರೆ ಏಪ್ರಿಲ್‌ನಲ್ಲಿ ಕಟ್ಟಿದ ಮಾರ್ಚ್ ಬಿಲ್ಲುಗಳು ಬಿಟ್ಟುಹೋಗುತ್ತವೆ.

ಇನ್ನು ಮಕ್ಕಳ ಸಂಖ್ಯೆ. ಮೂರು ಕಲಿಕಾ ಕೇಂದ್ರಗಳ ರಿಜಿಸ್ಟರ್ ಕೂಡಿಸಿ 300 ಅಂತ ಬರೆದರೆ ಸಾಲದು. ವರ್ಷದ ಮಧ್ಯೆ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಹೋದ ಮಗು ಎರಡೂ ಕಡೆ ಇರುತ್ತದೆ. ಹೆಸರನ್ನಷ್ಟೇ ಹೋಲಿಸಬೇಡಿ, ಒಬ್ಬರು 'ಮಂಜುನಾಥ' ಬರೆದಿದ್ದರೆ ಇನ್ನೊಬ್ಬರು 'ಮಂಜುನಾಥ್' ಬರೆದಿರುತ್ತಾರೆ. ಹುಟ್ಟಿದ ದಿನಾಂಕ, ತಾಯಿಯ ಹೆಸರು ಎರಡನ್ನೂ ತಾಳೆ ನೋಡಿ. ಓದುವ ಪರೀಕ್ಷೆಯ ಫಲಿತಾಂಶಕ್ಕೆ ಜೂನ್, ಫೆಬ್ರವರಿ ಎರಡರಲ್ಲೂ ಕೂತ ಮಕ್ಕಳನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ಕಲಿಕೆಯಲ್ಲಿ ಹಿಂದಿದ್ದವರೇ ಮಧ್ಯದಲ್ಲಿ ಬಿಟ್ಟುಹೋಗಿದ್ದರೆ, ಯಾರೂ ಏನೂ ಕಲಿಯದೆಯೇ ಸರಾಸರಿ ಏರಿಬಿಡುತ್ತದೆ! ಬಿಟ್ಟವರೆಷ್ಟು ಅನ್ನುವುದನ್ನೂ ಅದೇ ಸ್ಲೈಡಿನಲ್ಲಿ ಹಾಕಿ. ಟ್ರಸ್ಟಿಗಳು ಹೇಗೂ ಕೇಳುತ್ತಾರೆ.

ಕಡತ ಸಭೆಗೆ ಏಳು ದಿನ ಮೊದಲೇ ಅವರ ಕೈ ಸೇರಬೇಕು.