ಬಾಗಿಲು ತಟ್ಟಿದ ಸದ್ದು

ಪ್ರೀತಿಯ ರಶ್ಮಿ,

ನಿನ್ನ ಕಾದಂಬರಿಯ ಮೊದಲ ಎಂಟು ಅಧ್ಯಾಯ ಓದಿದೆ. ಇವತ್ತು ಬರೆಯುವುದು ಒಂದೇ ವಿಷಯ, ನಾಲ್ಕನೇ ಅಧ್ಯಾಯದ ಕೊನೆ.

ಅಪ್ಪ ತೀರಿಕೊಂಡು ತಿಂಗಳಾದ ಮೇಲೆ ಸರೋಜ ಊರಿಗೆ ಬರುತ್ತಾಳೆ. ಅಣ್ಣನ ಜೊತೆ ಆಸ್ತಿ ಪಾಲಾಗಬೇಕು. ರಾತ್ರಿ ಅಪ್ಪನ ಟ್ರಂಕ್ ತೆಗೆದರೆ ಬಟ್ಟೆಗಳ ಕೆಳಗೆ ಒಂದು ಕರಾರು ಪತ್ರ. ಎರಡು ಎಕರೆ ತೋಟ ಮಾರುತ್ತೇನೆ ಎಂದು ಅಪ್ಪ ಯಾರಿಂದಲೋ ಮುಂಗಡ ತಗೊಂಡಿದ್ದಾರೆ. ಪಡಸಾಲೆಯಿಂದ ಅಣ್ಣ ಕೇಳುತ್ತಾನೆ, 'ಏನಾದ್ರೂ ಸಿಕ್ತಾ?' ಅವಳು ಕಾಗದ ಮಡಚುತ್ತಾ ಹೇಳುತ್ತಾಳೆ, 'ಏನಿಲ್ಲ, ಹಳೇ ಬಟ್ಟೆ.'

ಇಲ್ಲಿಯವರೆಗೂ ಎಷ್ಟು ಚೆನ್ನಾಗಿದೆ! ಆಮೇಲೆ ನೀನು ಹನ್ನೊಂದು ಸಾಲು ಬರೆದಿದ್ದೀಯ. ಅವಳಿಗೆ ನಿದ್ದೆ ಬರುವುದಿಲ್ಲ, ಸುಳ್ಳು ಯಾಕೆ ಹೇಳಿದೆ ಎಂದು ಯೋಚಿಸುತ್ತಾಳೆ, ನಾಯಿ ಬೊಗಳುತ್ತದೆ. ಕಡೆಗೆ ಬಾಗಿಲು ತಟ್ಟಿದ ಸದ್ದು. 'ಅಲ್ಲಿ ನಿಂತವರನ್ನು ಕಂಡು ಸರೋಜಳ ಎದೆ ಧಸಕ್ಕೆಂದಿತು.' ಅಧ್ಯಾಯ ಮುಗಿಯಿತು. ಪುಟ ತಿರುಗಿಸಿದರೆ ಬಂದವರು ಪಕ್ಕದ ಮನೆಯ ಅಜ್ಜಿ, ಟಾರ್ಚ್ ಕೇಳೋಕೆ!

ನಾನೂ ಇದೇ ಮಾಡಿದವನು ಕಣಮ್ಮ. ವಾರಪತ್ರಿಕೆಗೆ ಧಾರಾವಾಹಿ ಬರೆಯುತ್ತಿದ್ದಾಗ ಪ್ರತಿ ಕಂತಿನ ಕೊನೆಗೂ ಒಂದು ಫೋನ್ ಗಂಟೆ, ಇಲ್ಲವೇ ಒಂದು ಚೀರಾಟ. ಒಬ್ಬ ಓದುಗರು ಕಾರ್ಡ್ ಬರೆದಿದ್ದರು: 'ಈಗೀಗ ಕೊನೆಯ ಸಾಲು ಬಿಟ್ಟು ಓದುತ್ತೇನೆ, ಹೇಗೂ ಮುಂದಿನ ವಾರ ಅದು ಏನೂ ಆಗಿರುವುದಿಲ್ಲ.' ವಾರಪತ್ರಿಕೆಯಲ್ಲಾದರೆ ಏಳು ದಿನದ ನಡುವೆ ಅದು ಹೇಗೋ ಮರೆತುಹೋಗುತ್ತಿತ್ತು. ಪುಸ್ತಕದಲ್ಲಿ ಮೋಸ ಅರ್ಧ ನಿಮಿಷಕ್ಕೇ ಗೊತ್ತಾಗುತ್ತದೆ.

ಬಾಗಿಲಲ್ಲಿ ಯಾರಿದ್ದಾರೆ ಅಂತ ಸರೋಜಳಿಗೆ ಗೊತ್ತು. ನಮಗೆ ಮಾತ್ರ ನೀನು ಹೇಳಲಿಲ್ಲ. ಅಂದರೆ ಅಲ್ಲಿ ಗುಟ್ಟು ಕತೆಯದ್ದಲ್ಲ, ನಿನ್ನದು. ಕರಾರು ಪತ್ರದ ವಿಷಯ ಹಾಗಲ್ಲ. ಅದು ನಮಗೆ ಗೊತ್ತು, ಅವಳಿಗೆ ಗೊತ್ತು, ಅಣ್ಣನಿಗೆ ಗೊತ್ತಿಲ್ಲ. ನೀನು ಏನನ್ನೂ ಮುಚ್ಚಿಟ್ಟಿಲ್ಲ, ಆದರೂ ಮುಂದೇನು ಅಂತ ಮನಸ್ಸು ಎಳೆಯುತ್ತದೆ. ಇದಕ್ಕೆ ನಾನು ಮಾಡುವ ಪರೀಕ್ಷೆ ಒಂದಿದೆ. ಕೊನೆಯ ಸಾಲಿನ ಉತ್ತರವನ್ನು ಓದುಗನಿಗೆ ಮೊದಲೇ ಹೇಳಿಬಿಟ್ಟೆ ಅಂದುಕೋ. 'ಬಂದಿದ್ದು ಅಜ್ಜಿ' ಅಂದ ಕೂಡಲೇ ಕುತೂಹಲ ಸತ್ತಿತು. 'ಅಣ್ಣನಿಗೆ ಒಂದು ದಿನ ಗೊತ್ತಾಗುತ್ತದೆ' ಅಂದರೆ ಜಾಸ್ತಿಯೇ ಆಗುತ್ತದೆ, ಅಲ್ವಾ?

ಅದಕ್ಕೆ ಆ ಹನ್ನೊಂದು ಸಾಲಿಗೂ ಕತ್ತರಿ ಹಾಕು. 'ಏನಿಲ್ಲ, ಹಳೇ ಬಟ್ಟೆ' ಅಂದಲ್ಲಿಗೆ ನಿಲ್ಲಿಸು. ಸುಳ್ಳು ಯಾಕೆ ಹೇಳಿದೆ ಅಂತ ಅವಳು ಹಾಸಿಗೆಯಲ್ಲಿ ಮಲಗಿ ಯೋಚಿಸಿಬಿಟ್ಟರೆ ನಮಗೆ ಯೋಚಿಸೋಕೆ ಏನು ಉಳಿಯಿತು? ಅಧ್ಯಾಯ ಮುಗಿಯಿತು ಅನ್ನಿಸಿದ ಮೇಲೂ ಕೈ ಓಡುತ್ತಲೇ ಇರುತ್ತದೆ, ಗಂಟು ಹಾಕಿ ಮುಗಿಸುವ ಆಸೆ. ನನ್ನ ಮೊದಲ ಕರಡುಗಳಲ್ಲಿ ನಿಜವಾದ ಕೊನೆ ಸಾಮಾನ್ಯವಾಗಿ ಒಂದೆರಡು ಪ್ಯಾರಾ ಮೇಲೆಯೇ ಇರುತ್ತದೆ.

ಐದನೇ ಅಧ್ಯಾಯವನ್ನೂ ಸ್ವಲ್ಪ ಬದಲಿಸಬೇಕಾಗುತ್ತದೆ. ಅಜ್ಜಿ, ಟಾರ್ಚ್ ಎರಡೂ ಹೋಗಲಿ. ಆದರೆ ಕರಾರು ಪತ್ರದಿಂದಲೂ ಶುರು ಮಾಡಬೇಡ, ಕೇಳಿದ ತಕ್ಷಣ ಉತ್ತರ ಕೊಟ್ಟ ಹಾಗಾಗುತ್ತದೆ. ಬೆಳಗ್ಗೆ ಅತ್ತಿಗೆ ಉಪ್ಪಿಟ್ಟು ಬಡಿಸುತ್ತಿರಲಿ. ಅಣ್ಣ ತಲೆ ಎತ್ತದೆ, 'ಗುರುವಾರ ತೋಟ ಅಳೆಯೋಕೆ ಸರ್ವೆಯವರು ಬರ್ತಾರೆ' ಅನ್ನಲಿ. ಸರೋಜ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳಲಿ. ಕಾಗದದ ಹೆಸರನ್ನೇ ಎತ್ತಬೇಡ. ಓದುವವನಿಗೆ ಅದು ನೆನಪಿದ್ದೇ ಇರುತ್ತದೆ, ಈಗ ಗುರುವಾರ ಅನ್ನುವ ಗಡುವೂ ಸಿಕ್ಕಿತು.

ಹಾಗಂತ ಎಂಟು ಅಧ್ಯಾಯಕ್ಕೂ ಒಂದೊಂದು ಸುಳ್ಳಿನ ಕೊನೆ ಇಡಬೇಡ, ಅದೂ ಫೋನ್ ಗಂಟೆಯ ಹಾಗೇ ಚಟವಾಗಿಬಿಡುತ್ತದೆ. ಎಲ್ಲ ಅಧ್ಯಾಯಗಳ ಕೊನೆಯ ಸಾಲನ್ನು ಒಂದೇ ಹಾಳೆಯಲ್ಲಿ ಬರೆದು ಗಟ್ಟಿಯಾಗಿ ಓದು. ನಾನು ಬರೆದು ನೋಡಿದೆ. ನಿನ್ನವು ಎಂಟರಲ್ಲಿ ಐದು ಯಾರೋ ಬೆಚ್ಚಿಬೀಳುವುದರಲ್ಲಿ ಮುಗಿಯುತ್ತವೆ. ಆರನೆಯದು ಮಾತ್ರ ಅಮ್ಮ ಒಲೆಯ ಬೂದಿ ಬಳಿಯುವುದರಲ್ಲಿ ಮುಗಿಯುತ್ತದೆ. ಅದನ್ನು ಮುಟ್ಟಬೇಡ. ಅಲ್ಲಿಯವರೆಗೆ ಜಗಳ ಓದಿ ಓದುಗರಿಗೆ ಸುಸ್ತಾಗಿರುತ್ತದೆ, ಪುಸ್ತಕ ಮಡಚಿಟ್ಟು ಮಲಗಿದರೆ ಮಲಗಲಿ ಬಿಡು. ನಾಳೆ ಮತ್ತೆ ತೆಗೆಯುತ್ತಾರೆ, ಗುರುವಾರ ಇನ್ನೂ ಬಂದಿಲ್ಲವಲ್ಲ.

ಇನ್ನೊಂದು ಕೇಳಬೇಕಿತ್ತು. ಟ್ರಂಕಿಗೆ ಬೀಗ ಇತ್ತು ಅಂತ ಎರಡನೇ ಅಧ್ಯಾಯದಲ್ಲಿ ಬರೆದಿದ್ದೀಯ. ನಾಲ್ಕರಲ್ಲಿ ಸರೋಜ ಸುಮ್ನೆ ಮುಚ್ಚಳ ಎತ್ತುತ್ತಾಳೆ. ಕೀಲಿ ಅಷ್ಟು ದಿನ ಯಾರ ಹತ್ತಿರ ಇತ್ತು? ಮರೆತು ಬಿಟ್ಟಿದ್ದಾದರೆ ತಿದ್ದು. ಅಣ್ಣನ ಹತ್ತಿರ ಇತ್ತು ಅನ್ನುವುದಾದರೆ ನನಗೆ ಈಗ ಹೇಳಬೇಡ, ಒಂಬತ್ತನೇ ಅಧ್ಯಾಯ ಕಳಿಸು.

ನಿನ್ನ ಸರ್