ಹುಕ್ ಅಷ್ಟೇ ಬಾಕಿ

ಪುಟ್ಟಿ,

ಭಾನುವಾರ ನೀನು ಫೋನ್ ಇಟ್ಟುಬಿಟ್ಟೆ. ನಾನು "ಸುಳ್ಳು ಹೇಳ್ತಿದ್ದೀಯ" ಅನ್ನಬಾರದಿತ್ತು, ತಪ್ಪಾಯ್ತು. ಆದರೆ ಮೂರು ವಾರದಿಂದ ಆಫೀಸಿನಲ್ಲಿ "ತೊಂಬತ್ತೈದು ಪರ್ಸೆಂಟ್ ಆಗಿದೆ" ಅಂತಲೇ ಹೇಳುತ್ತಿದ್ದೆ, ಈಗ ಬೈಸಿಕೊಂಡಿದ್ದೀಯ, ಹಬ್ಬಕ್ಕೂ ಬರೋದು ಅನುಮಾನ ಅಂತೀಯ. ಅದನ್ನು ಕೇಳಿದಾಗ ನನಗೆ ನನ್ನದೇ ಮಾತು ನೆನಪಾಯಿತು. ಮೂವತ್ತು ವರ್ಷ ಮಷೀನ್ ಮುಂದೆ ಕೂತು ನಾನೂ ಅದೇ ಹೇಳಿದ್ದೇನೆ. "ಹುಕ್ ಅಷ್ಟೇ ಬಾಕಿ, ನಾಳೆ ಬನ್ನಿ."

ಹಿಂದಿನ ಬೀದಿಯ ಮದುವೆ ಹುಡುಗಿಯ ಬ್ಲೌಸ್ ನಿನಗೆ ಗೊತ್ತಿಲ್ಲ, ಆಗ ನೀನು ಅಂಗನವಾಡಿಗೆ ಹೋಗುತ್ತಿದ್ದೆ. ಗುರುವಾರ ಮುಹೂರ್ತ. ಸೋಮವಾರ ಅವರಮ್ಮ ಬಂದು ಕೇಳಿದರು. ಮೈಯೆಲ್ಲಾ ಹೊಲಿದಾಗಿತ್ತು, ಲೈನಿಂಗ್ ಕೂತಿತ್ತು, ಕುತ್ತಿಗೆಗೆ ಪೈಪಿಂಗ್ ಕೊಟ್ಟಿದ್ದೆ. ತೋಳಿನ ಬಟ್ಟೆ ಮಾತ್ರ ಆರಿ ವರ್ಕ್‌ನವರ ಹತ್ತಿರ ಇತ್ತು. ಬಂದರೆ ಅರ್ಧ ಗಂಟೆ ಕೆಲಸ ಅಂದುಕೊಂಡು "ಆಗೇ ಹೋಯ್ತು" ಅಂದೆ. ಬಟ್ಟೆ ನನ್ನ ಕೈಯಲ್ಲೇ ಇಲ್ಲ ಅನ್ನೋದನ್ನ ಹೇಳಲಿಲ್ಲ. ಮಂಗಳವಾರವೂ ಅದೇ ಮಾತು.

ಬುಧವಾರ ಸಂಜೆ ಬಟ್ಟೆ ಬಂತು. ಆರಿಯವರು ಬಟ್ಟೆಯನ್ನು ಚೌಕಟ್ಟಿಗೆ ಬಿಗಿಯಾಗಿ ಎಳೆದು ಕಟ್ಟುತ್ತಾರೆ. ದಟ್ಟವಾಗಿ ಕಸೂತಿ ತುಂಬಿ ಬಿಚ್ಚಿದರೆ ಬಟ್ಟೆ ಒಳಕ್ಕೆ ಸೇದಿಕೊಳ್ಳುತ್ತದೆ. ನಾನು ಹಾಕಿಕೊಟ್ಟ ಗುರುತಿಗಿಂತ ಒಂದೊಂದು ತೋಳೂ ಅರ್ಧ ಇಂಚು ಕಮ್ಮಿ. ಬ್ಲೌಸ್ ಪೀಸ್ ಚಿಕ್ಕದಿತ್ತು ಅಂತ ಒಳಗೆ ಮಾರ್ಜಿನ್ನೂ ಬಿಟ್ಟಿರಲಿಲ್ಲ. ಮೇಲಿಂದ ಮಣಿಗಳನ್ನು ಹೊಲಿಗೆ ಬೀಳುವ ಗೆರೆವರೆಗೂ ಕೂರಿಸಿದ್ದರು. ಅದರ ಮೇಲೆ ಮಷೀನ್ ಓಡಿಸಿದರೆ ಸೂಜಿ ಪಟಕ್ ಅಂತ ಮುರಿಯುತ್ತದೆ. ಎರಡು ಮುರಿದವು. ಆಮೇಲೆ ಒಂದೊಂದೇ ಮಣಿ ಕೈಯಲ್ಲಿ ಬಿಡಿಸಿದೆ. ಕಂಕುಳಲ್ಲಿ ಚೌಕ ತುಂಡು ಕೊಟ್ಟು ಅಗಲ ಮಾಡಿದೆ. ಹುಕ್ ಹಾಕುವಾಗ ರಾತ್ರಿ ಎರಡೂವರೆ. ಹುಡುಗಿ ಹಾಕಿ ನೋಡಿದ್ದು ಮುಹೂರ್ತದ ಬೆಳಗ್ಗೆ, ಕೈ ಎತ್ತಿದರೆ ಬಿಗಿ.

ಅವರಮ್ಮ ಬೈಯಲಿಲ್ಲ. "ಸೋಮವಾರವೇ ಹೇಳಿದ್ರೆ ಸಾದಾ ತೋಳು ಇಡಿಸ್ತಿದ್ವಲ್ಲ" ಅಂದರು, ಅಷ್ಟೇ. ಅವರ ಹತ್ತಿರ ಬೇರೆ ದಾರಿ ಇತ್ತು ಕಣೇ. ಅದು ಬುಧವಾರದ ಹೊತ್ತಿಗೆ ಮುಚ್ಚಿಹೋಗಿತ್ತು. ಮುಚ್ಚಿದ್ದು ನನ್ನ "ಆಗೇ ಹೋಯ್ತು". ಇವತ್ತಿಗೂ ಆ ಮನೆ ಮುಂದೆ ಹಾಯುವಾಗ ನನಗೆ ಆ ತೋಳೇ ಕಣ್ಣಿಗೆ ಬರುತ್ತದೆ.

ಅಲ್ಲಿಂದ ಯಾರಾದರೂ ಕೇಳಿದರೆ ನನ್ನನ್ನೇ ಕೇಳಿಕೊಳ್ಳುತ್ತಿದ್ದೆ, ಈಗಲೇ ಕೊಟ್ಟರೆ ಹಾಕಿಕೊಳ್ಳಬಹುದಾ? ಇಲ್ಲ ಅಂದರೆ ಆಗಿಲ್ಲ. ಆರ್ಡರ್ ಪುಸ್ತಕದಲ್ಲಿ ಹೆಸರಿನ ಮುಂದೆ ಬರೆದಿಡುತ್ತಿದ್ದೆ: ನನ್ನ ಕೈಯಲ್ಲಿ ಏನಿದೆ, ಬೇರೆಯವರ ಕೈಯಲ್ಲಿ ಏನಿದೆ, ಇನ್ನೂ ಮೈಗೆ ಹಾಕಿ ನೋಡದ್ದು ಯಾವುದು. ಈ ಕೊನೆಯದೇ ಕೈ ಕೊಡೋದು ಜಾಸ್ತಿ.

ನಿನ್ನ ಕೆಲಸ ನನಗೆ ಪೂರ್ತಿ ತಿಳಿಯಲ್ಲ. ಹಳೇ ಸಿಸ್ಟಮ್‌ನಿಂದ ನಲವತ್ತು ಸಾವಿರ ಖಾತೆ ಹೊಸದಕ್ಕೆ ಸಾಗಿಸಬೇಕು, 38 ಸಾವಿರ ಹೋಗಿದೆ ಅಂದೆ. ಪರ್ಸೆಂಟ್ ಲೆಕ್ಕ ಸರಿಯೇ. ಆದರೆ ಹೋದವೆಲ್ಲಾ ಸುಲಭದವು ಅಲ್ವಾ? ಉಳಿದ ಎರಡು ಸಾವಿರ ಯಾಕೆ ತಾಳೆಯಾಗುತ್ತಿಲ್ಲ ಅಂತ ನಿನಗೇ ಗೊತ್ತಿಲ್ಲದಿದ್ದರೆ, ಆ ಐದು ಪರ್ಸೆಂಟ್ ಎರಡು ದಿನವೋ ಎರಡು ತಿಂಗಳೋ ಹೇಗೆ ಹೇಳ್ತೀಯ? ನಾಳೆ ಹೋಗಿ ಹೀಗೆ ಹೇಳು: "ಇಷ್ಟು ಹೋಗಿವೆ. ಉಳಿದದ್ದರಲ್ಲಿ ಇಷ್ಟಕ್ಕೆ ಕಾರಣ ಸಿಕ್ಕಿದೆ, ಇಷ್ಟು ದಿನ ಬೇಕು. ಇಷ್ಟಕ್ಕೆ ಕಾರಣ ಸಿಕ್ಕಿಲ್ಲ, ಅದಕ್ಕೆ ತಾರೀಖು ಕೊಡಲಾರೆ. ಶುಕ್ರವಾರದವರೆಗೆ ಹುಡುಕಿ, ಸಿಕ್ಕಿದ್ದು ಸಿಗದ್ದು ಎರಡೂ ಹೇಳ್ತೀನಿ. ಮೂರು ಸಲ ಈ ವಾರ ಮುಗಿಯುತ್ತೆ ಅಂದು ತಪ್ಪಿದ್ದೇನೆ." ಆ ಕೊನೆಯ ಸಾಲು ಬಿಡಬೇಡ. ಅವರು ಹಳೇ ಸಿಸ್ಟಮ್ ಇನ್ನಷ್ಟು ದಿನ ಇಟ್ಟುಕೊಳ್ಳಬೇಕೋ, ಇನ್ನೊಬ್ಬರನ್ನು ಜೊತೆಗೆ ಹಾಕಬೇಕೋ ಅನ್ನೋದನ್ನ ಅದರ ಮೇಲೆ ತೀರ್ಮಾನಿಸುತ್ತಾರೆ.

ಮತ್ತೆ ಪಾಠ ಶುರುವಾಯ್ತು ಅಂತೀಯ, ಗೊತ್ತು. ನಿಮ್ಮಪ್ಪನೂ ಅದೇ ಅಂದರು, ಕಾಗದ ಓದಿ. ನಮ್ಮನೇಲಿ ಆಫೀಸಿನ ಮೆಟ್ಟಿಲು ಹತ್ತಿದವಳು ನೀನೇ ಮೊದಲು, ನಿನಗೆ ನಾನೇನು ಹೇಳೋದು. ಊಟ ಬಿಟ್ಟು ಕೂರಬೇಡ, ಅಷ್ಟೇ.

ನಿನ್ನ ಗೌರಿಹಬ್ಬದ ಹಸಿರು ಬ್ಲೌಸ್: ಮೈ ಹೊಲಿದಾಗಿದೆ. ಎಡತೋಳು ಕೂರಿಸಿದ್ದೇನೆ, ಬಲತೋಳು ಇಲ್ಲ. ಅಳತೆ ಹೋದ ವರ್ಷದ್ದು. ನೀನು ಬಂದು ಹಾಕಿ ನೋಡುವವರೆಗೆ ಹುಕ್ ಹಾಕಲ್ಲ. ಬರೋದು ಆಗಲ್ಲ ಅಂದರೆ ಅದನ್ನೂ ಮೊದಲೇ ಹೇಳಿಬಿಡು, ಮಾರ್ಜಿನ್ ಜಾಸ್ತಿ ಬಿಟ್ಟು ಕಳಿಸ್ತೀನಿ.

ಇಂತಿ,
ಅಮ್ಮ