ಮಾದರಿ ಮುಚ್ಚಿಟ್ಟು ಬರೆದ ಪರಿಚಯ

ಚಿರಂಜೀವಿ ಪುಟ್ಟಿಗೆ,

ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ಸಂಗೀತ ಸಭೆಯ ಕೈಪಿಡಿಗೆಂದು ನೀನು ನಿನ್ನ ಬಗ್ಗೆಯೇ ಬರೆದ ಪರಿಚಯವನ್ನೂ, ಅದಕ್ಕೆ ಮಾದರಿಯಾಗಿ ಇಟ್ಟುಕೊಂಡಿದ್ದ ಕಳೆದ ವರ್ಷದ ಗಾಯಕಿಯೊಬ್ಬರ ಪರಿಚಯವನ್ನೂ ನಿನ್ನ ಅಮ್ಮ ಕಳಿಸಿದ್ದಳು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ಓದಿದೆ. ಮಾದರಿಯನ್ನೂ ಕಳಿಸಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ನಾನು ನಿನ್ನ ಬರಹವನ್ನು ಚೆನ್ನಾಗಿದೆ ಎಂದುಬಿಡುತ್ತಿದ್ದೆ.

ಮಾದರಿಯಲ್ಲಿರುವ ವಾಕ್ಯ ಇದು: "ಸಂಗೀತದ ವಾತಾವರಣವಿರುವ ಮನೆತನದಲ್ಲಿ ಜನಿಸಿದ ಇವರು ಎಂಟನೆಯ ವಯಸ್ಸಿನಲ್ಲಿಯೇ ಗಾಯನಾಭ್ಯಾಸ ಆರಂಭಿಸಿ, ನಾಡಿನ ಹಲವು ಪ್ರತಿಷ್ಠಿತ ವೇದಿಕೆಗಳಲ್ಲಿ ಕಛೇರಿ ನೀಡಿ ರಸಿಕರ ಮನಸೂರೆಗೊಂಡಿದ್ದಾರೆ." ನೀನು ಬರೆದದ್ದು ಇದು: "ಸಂಗೀತದ ಪರಿಸರವಿದ್ದ ಕುಟುಂಬದಲ್ಲಿ ಹುಟ್ಟಿದ ಇವರು ಹತ್ತನೆಯ ವಯಸ್ಸಿನಲ್ಲಿಯೇ ವೀಣಾಭ್ಯಾಸ ಪ್ರಾರಂಭಿಸಿ, ರಾಜ್ಯದ ಅನೇಕ ಹೆಸರಾಂತ ವೇದಿಕೆಗಳಲ್ಲಿ ಕಛೇರಿ ನಡೆಸಿ ಶ್ರೋತೃಗಳ ಮನಗೆದ್ದಿದ್ದಾರೆ."

ಪದಗಳನ್ನೆಲ್ಲ ಬದಲಿಸಿದ್ದೇನೆ, ಇನ್ನು ಇದು ನನ್ನದೇ ಎಂದು ನಿನಗೆ ಅನ್ನಿಸಿರಬಹುದು. ನೀನು ಕದಿಯಲು ಹೊರಟವಳಲ್ಲ ಎಂಬುದು ನನಗೆ ಗೊತ್ತು. ಆದರೆ ನಮ್ಮ ಭಾಷೆಯಲ್ಲಿ ಈ ಬದಲಾವಣೆ ಬಹಳ ಸುಲಭ. ಜನಿಸಿದ ಎಂಬಲ್ಲಿ ಹುಟ್ಟಿದ, ಆರಂಭಕ್ಕೆ ಪ್ರಾರಂಭ, ಹಲವಕ್ಕೆ ಅನೇಕ, ಹೀಗೆ ಪ್ರತಿ ಮಾತಿಗೂ ಜೊತೆಯ ಮಾತೊಂದು ಕಾದಿರುತ್ತದೆ. ಬಟ್ಟೆ ಬದಲಾದರೂ ಒಳಗಿನ ಎಲುಬು ಬದಲಾಗುವುದಿಲ್ಲ. ಕನ್ನಡದಲ್ಲಿ ಅದನ್ನು ಕಂಡುಹಿಡಿಯುವ ದಾರಿಯೂ ಸುಲಭವೇ. ನಮ್ಮ ಕ್ರಿಯಾಪದಗಳು ವಾಕ್ಯದ ತುಂಡುತುಂಡಿನ ಕೊನೆಯಲ್ಲಿ ನಿಲ್ಲುತ್ತವೆಯಲ್ಲ, ಅವನ್ನಷ್ಟೇ ಹೆಕ್ಕಿ ನೋಡು. ಮಾದರಿಯಲ್ಲಿ: ಜನಿಸಿದ, ಆರಂಭಿಸಿ, ನೀಡಿ, ಮನಸೂರೆಗೊಂಡಿದ್ದಾರೆ. ನಿನ್ನದರಲ್ಲಿ: ಹುಟ್ಟಿದ, ಪ್ರಾರಂಭಿಸಿ, ನಡೆಸಿ, ಮನಗೆದ್ದಿದ್ದಾರೆ. ನಾಲ್ಕಕ್ಕೆ ನಾಲ್ಕು, ಅದೇ ಸಾಲಿನಲ್ಲಿ. ಇವೆರಡನ್ನೂ ಓದಿದ ಯಾರಿಗೂ ಒಂದು ಇನ್ನೊಂದರಿಂದ ಬಂದದ್ದು ಎಂಬುದರಲ್ಲಿ ಅನುಮಾನ ಉಳಿಯುವುದಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ನಿಮ್ಮ ಮನೆಯಲ್ಲಿ ಸಂಗೀತದ ಪರಿಸರ ಎಲ್ಲಿತ್ತು ಮಗಳೇ? ನಿನ್ನ ಅಪ್ಪ ಬೆಳಗ್ಗೆ ರೇಡಿಯೊದಲ್ಲಿ ವಾರ್ತೆ ಮುಗಿದೊಡನೆ ಅದನ್ನು ಆರಿಸುತ್ತಿದ್ದವರು. ಆ ಮಾತು ಗಾಯಕಿಯ ಮನೆಯದು. ವಾಕ್ಯವನ್ನು ಎರವಲು ತಂದಾಗ ಅದರೊಳಗಿದ್ದ ಸಂಗತಿಯೂ ಜೊತೆಗೆ ಬಂದುಬಿಟ್ಟಿದೆ. ನಿನಗೆ ಅದು ಗೊತ್ತೇ ಆಗಿಲ್ಲ.

ಇದರ ಪೆಟ್ಟು ನಾನು ತಿಂದಿದ್ದೇನೆ. ಸಭೆಯೊಂದರ ಸ್ಮರಣ ಸಂಚಿಕೆಯನ್ನು ನಾನು ಸಿದ್ಧಪಡಿಸುತ್ತಿದ್ದ ವರ್ಷಗಳಲ್ಲಿ ಒಮ್ಮೆ ಅಕ್ಕಪಕ್ಕದ ಎರಡು ಪುಟಗಳಲ್ಲಿ ಇಬ್ಬರು ಕಲಾವಿದೆಯರ ಪರಿಚಯ ಅಚ್ಚಾದವು. ಇಬ್ಬರೂ "ಎಂಟನೆಯ ವಯಸ್ಸಿನಲ್ಲಿಯೇ" ಕಲಿಕೆ ಆರಂಭಿಸಿದವರು ಎಂದಿತ್ತು. ನನ್ನ ಕಣ್ಣಿಗೆ ಬೀಳಲಿಲ್ಲ. ಕಛೇರಿಯ ದಿನ ಎರಡನೆಯ ಹುಡುಗಿಯ ಗುರುಗಳೇ ಸಂಚಿಕೆ ಹಿಡಿದು ಬಂದರು. "ಇವಳು ನನ್ನ ಬಳಿ ಬಂದಾಗ ಇವಳಿಗೆ ಹದಿಮೂರು ತುಂಬಿತ್ತು, ಅದಕ್ಕೂ ಮೊದಲು ಎಲ್ಲಿಯೂ ಕಲಿತಿರಲಿಲ್ಲ" ಎಂದರು. ಆ ಹುಡುಗಿ ಮೊದಲನೆಯವಳ ಹಳೆಯ ಪರಿಚಯವನ್ನು ಮುಂದಿಟ್ಟುಕೊಂಡು ಬರೆದಿದ್ದಳು. ಹೆಸರು, ಊರು, ಗುರುಗಳ ಹೆಸರು ಬದಲಿಸಿದ್ದಳು, ವಯಸ್ಸು ಉಳಿದುಹೋಗಿತ್ತು. ಆ ಸಂಜೆ ಅವಳು ವೇದಿಕೆಯ ಹಿಂದೆ ಕುಳಿತಿದ್ದ ರೀತಿಯನ್ನು ನಾನು ಮರೆತಿಲ್ಲ. ಅಂದಿನಿಂದ ಪರಿಚಯಗಳನ್ನು ಕಳಿಸುವಾಗ ಮಾದರಿಯನ್ನೂ ಜೊತೆಗೆ ಕಳಿಸಿ ಎಂದು ಎಲ್ಲರನ್ನೂ ಕೇಳತೊಡಗಿದೆ.

ಹಾಗಾದರೆ ಮಾದರಿಯನ್ನು ನೋಡಲೇಬಾರದೆ? ನೋಡಬೇಕು. ಕೈಪಿಡಿಯಲ್ಲಿ ಎಷ್ಟು ಜಾಗವಿದೆ, ಏನನ್ನು ಹೇಳುವುದು ರೂಢಿ, ಪ್ರಶಸ್ತಿ ಮೊದಲೋ ಗುರುಗಳು ಮೊದಲೋ, ಇದೆಲ್ಲ ಮಾದರಿಯಿಂದಲೇ ತಿಳಿಯಬೇಕು. ನಿನ್ನ ವಿದ್ಯೆಯಲ್ಲೇ ಇದಕ್ಕೆ ದಾರಿ ಇದೆ. ವರ್ಣವನ್ನು ಗುರುಗಳು ಹೇಳಿಕೊಟ್ಟ ಪಾಠಾಂತರದಂತೆಯೇ ನುಡಿಸುತ್ತೀಯೆ. ಕಲ್ಪನಾಸ್ವರಕ್ಕೆ ಬಂದಾಗ ರಾಗದ ಲಕ್ಷಣವನ್ನು ಇಟ್ಟುಕೊಂಡು ಸ್ವರಗಳನ್ನು ನೀನೇ ಜೋಡಿಸುತ್ತೀಯೆ. ಗುರುಗಳ ಸ್ವರಪ್ರಸ್ತಾರವನ್ನು ಉರುಹೊಡೆದು ಕಛೇರಿಯಲ್ಲಿ ಒಪ್ಪಿಸಿದರೆ ಅವರೇ ಒಪ್ಪುವುದಿಲ್ಲ. ಪರಿಚಯಕ್ಕೆ ಮಾದರಿಯಿಂದ ಬೇಕಾದದ್ದು ಲಕ್ಷಣ ಮಾತ್ರ.

ಲಕ್ಷಣವನ್ನು ತೆಗೆಯುವ ಕೆಲಸವನ್ನು ನಾನು ಹೀಗೆ ಮಾಡುತ್ತಿದ್ದೆ. ಮೊದಲನೆಯದಾಗಿ, ಒಂದೇ ಮಾದರಿಯನ್ನು ಇಟ್ಟುಕೊಳ್ಳಬೇಡ. ಒಂದೇ ಇದ್ದರೆ ಅದರ ಧಾಟಿ ಕಿವಿಯಲ್ಲಿ ಕೂತುಬಿಡುತ್ತದೆ. ಮೂರನ್ನಾದರೂ ಇಟ್ಟುಕೋ, ಅದರಲ್ಲಿ ಒಂದು ಬೇರೆ ಕ್ಷೇತ್ರದವರದಾಗಿರಲಿ, ಮೃದಂಗದವರದೋ ನೃತ್ಯದವರದೋ. ಪ್ರತಿ ವಾಕ್ಯವನ್ನೂ ಓದಿ, ಇದು ಯಾವ ಪ್ರಶ್ನೆಗೆ ಉತ್ತರ ಎಂದು ಕೇಳಿಕೊಂಡು ಆ ಪ್ರಶ್ನೆಯನ್ನು ಮಾತ್ರ ಬರೆದುಕೋ. ನಿನ್ನ ಮಾದರಿಯಿಂದ ನನಗೆ ಸಿಕ್ಕ ಪ್ರಶ್ನೆಗಳು ಐದೇ: ಕಲಿಕೆ ಹೇಗೆ ಶುರುವಾಯಿತು, ಯಾರ ಬಳಿ, ಯಾವ ಪರೀಕ್ಷೆ ಅಥವಾ ಶ್ರೇಣಿ, ಎಲ್ಲೆಲ್ಲಿ ಕಛೇರಿ, ಇವರ ಸಂಗೀತದಲ್ಲಿ ಕೇಳುವಂಥದ್ದು ಏನು. ಐದನೆಯದಕ್ಕೆ ಮಾದರಿಯಲ್ಲಿ ಉತ್ತರವೇ ಇರಲಿಲ್ಲ, "ಮನಸೂರೆಗೊಂಡಿದ್ದಾರೆ" ಎಂಬ ಮಾತು ಅದರ ಜಾಗವನ್ನು ಹಿಡಿದುಕೊಂಡಿತ್ತು. ಪ್ರಶ್ನೆಗಳು ಕೈಗೆ ಬಂದ ಮೇಲೆ ಮೂರೂ ಮಾದರಿಗಳನ್ನು ಕಪಾಟಿನಲ್ಲಿಡು. ಮೊಬೈಲಿನಲ್ಲಿದ್ದರೆ ಆ ಪುಟವನ್ನು ಮುಚ್ಚು. ಬರೆಯುವಾಗ ಅವು ಕಣ್ಣೆದುರು ಇರಬಾರದು. ಇದೊಂದನ್ನು ಪಾಲಿಸಿದರೆ ಮುಕ್ಕಾಲು ತೊಂದರೆ ಹುಟ್ಟುವುದೇ ಇಲ್ಲ.

ಆಮೇಲೆ ಉತ್ತರಗಳನ್ನು ಬರೆಯುವ ಮೊದಲು ಬಾಯಲ್ಲಿ ಹೇಳು. ನಿನ್ನ ಅಮ್ಮನನ್ನು ಕೂರಿಸಿಕೊಂಡು ಐದೂ ಪ್ರಶ್ನೆಗಳನ್ನು ಅವಳಿಂದ ಕೇಳಿಸಿಕೋ. "ನೀನು ವೀಣೆ ಹೇಗೆ ಶುರುಮಾಡಿದೆ?" ಎಂದು ಎದುರಿಗೆ ಕೂತವರು ಕೇಳಿದರೆ ಯಾರೂ "ಸಂಗೀತದ ಪರಿಸರವಿದ್ದ ಕುಟುಂಬದಲ್ಲಿ" ಎಂದು ಆರಂಭಿಸುವುದಿಲ್ಲ. ನೀನು ಅಜ್ಜಿಯ ವೀಣೆಯ ಕಥೆ ಹೇಳುತ್ತೀಯೆ. ಅಟ್ಟದ ಮೇಲೆ ಹಳೆಯ ಸೀರೆ ಸುತ್ತಿಟ್ಟಿದ್ದ ವೀಣೆ, ಮೇಣ ಒಣಗಿ ಬಿರಿದು ಇಪ್ಪತ್ತನಾಲ್ಕು ಮೆಟ್ಟಿಲುಗಳಲ್ಲಿ ಏಳೆಂಟು ಕಿತ್ತುಬಂದಿದ್ದದ್ದು, ಅಪ್ಪ ಅದನ್ನು ಆಟೊದಲ್ಲಿ ಮಡಿಲ ಮೇಲಿಟ್ಟುಕೊಂಡು ಹೋಗಿ ಹೊಸ ಮೇಣದಲ್ಲಿ ಮೆಟ್ಟಿಲು ಕೂರಿಸಿಕೊಂಡು ಬಂದದ್ದು. ಇದು ಬೇರೆ ಯಾರ ಪರಿಚಯದಲ್ಲೂ ಇರಲು ಸಾಧ್ಯವಿಲ್ಲ. ಇಂಥ ಸಂಗತಿ ಬಂದೊಡನೆ ವಾಕ್ಯವೂ ತಾನಾಗಿ ಬೇರೆಯಾಗುತ್ತದೆ. ಅದನ್ನು ಮಾದರಿಯ ಎಲುಬಿಗೆ ತೊಡಿಸಲು ಹೋದರೂ ಹೊಂದುವುದಿಲ್ಲ.

ನೀನು ಹಿಂದೆ ಫೋನಿನಲ್ಲಿ ಹೇಳಿದ್ದ ಸಂಗತಿಗಳಿಂದ ನಾನು ಒಂದು ಕರಡು ಮಾಡಿ ನೋಡಿದೆ: "ಅಟ್ಟದಲ್ಲಿ ಮೆಟ್ಟಿಲು ಕಳಚಿಕೊಂಡು ಮಲಗಿದ್ದ ಅಜ್ಜಿಯ ವೀಣೆಯನ್ನು ತಂದೆ ದುರಸ್ತಿ ಮಾಡಿಸಿಕೊಟ್ಟ ಮೇಲೆ, ಹತ್ತನೆಯ ವಯಸ್ಸಿನಲ್ಲಿ ಪಾಠಕ್ಕೆ ಕುಳಿತರು. ಹದಿನಾಲ್ಕು ವರ್ಷಗಳ ನಂತರವೂ ಅದೇ ವೀಣೆ, ಅದೇ ಗುರುಗಳು. ವಿದ್ವತ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿದ್ದಾರೆ. ಆಕಾಶವಾಣಿಯ ಬಿ ಶ್ರೇಣಿಯ ಕಲಾವಿದೆ. ತಾನವನ್ನು ಅವಸರವಿಲ್ಲದೆ ನುಡಿಸುವುದು ಇವರಿಗೆ ಇಷ್ಟ. ಇಂದಿನ ಕಛೇರಿಯಲ್ಲೂ ಅದಕ್ಕೆ ಬಿಡುವು ಮಾಡಿಕೊಂಡಿದ್ದಾರೆ." ಇದನ್ನು ಹಾಗೆಯೇ ಕಳಿಸಬೇಡ. ಇದು ನನ್ನ ವಾಕ್ಯ, ಇದನ್ನು ಎತ್ತಿಕೊಂಡರೆ ಮತ್ತೊಂದು ಮಾದರಿಯ ಕೈಗೆ ಸಿಕ್ಕಂತೆಯೇ. ನಿನ್ನ ಸಂಗತಿಗಳು ಎಷ್ಟು ತೂಕದವು ಎಂದು ತೋರಿಸಲು ಬರೆದೆ.

ಇದರಲ್ಲಿ "ವಿದ್ವತ್ ಪರೀಕ್ಷೆಯಲ್ಲಿ ಉತ್ತೀರ್ಣ" ಎಂಬುದನ್ನು ನಾನು ಬದಲಿಸಲಿಲ್ಲ, ನೀನೂ ಬದಲಿಸಬೇಡ. ಪರೀಕ್ಷೆಯ ಹೆಸರು, ಆಕಾಶವಾಣಿಯ ಶ್ರೇಣಿ, ಪ್ರಶಸ್ತಿಯ ಹೆಸರು, ಸಂಸ್ಥೆಯ ಹೆಸರು ಇವೆಲ್ಲ ಇರುವಂತೆಯೇ ಬರಬೇಕು. ನಕಲು ಎನ್ನಿಸೀತೆಂದು ಹೆದರಿ ಇವನ್ನು ತಿರುಚಿದರೆ ಬರೀ ತಪ್ಪು ಮಾಹಿತಿ ಹುಟ್ಟುತ್ತದೆ. "ಪ್ರಶಸ್ತಿಯನ್ನು ಮುಡಿಗೇರಿಸಿಕೊಂಡಿದ್ದಾರೆ", "ಎಲೆಮರೆಯ ಕಾಯಿಯಂತೆ" ಮುಂತಾದ ಮಾತುಗಳು ಯಾರ ಸ್ವತ್ತೂ ಅಲ್ಲ. ಅಂಥದ್ದು ಒಂದು ಬಂದರೆ ಕಳವಲ್ಲ, ಸವೆದ ನಾಣ್ಯ ಅಷ್ಟೇ. ಆದರೆ ಅಂಥವು ಮೂರು ನಾಲ್ಕು, ಮಾದರಿಯಲ್ಲಿದ್ದ ಸಾಲಿನಲ್ಲೇ ನಿನ್ನಲ್ಲೂ ನಿಂತರೆ ಆಗ ಅದು ಆ ಮಾದರಿಯೇ. ಪತ್ರಿಕೆಯ ವಿಮರ್ಶಕರು ನಿನ್ನ ಬಗ್ಗೆ ಬರೆದ ಸಾಲು ಬೇಕೆನಿಸಿದರೆ ಉದ್ಧರಣ ಚಿಹ್ನೆಯೊಳಗೆ ಇಟ್ಟು, ಪತ್ರಿಕೆಯ ಹೆಸರನ್ನೂ ವರ್ಷವನ್ನೂ ಹಾಕು.

ಬರೆದ ಮೇಲೆ ಒಂದು ರಾತ್ರಿ ಹಾಗೆಯೇ ಬಿಡು. ಮರುದಿನ ಮಾದರಿಗಳನ್ನು ಕಪಾಟಿನಿಂದ ತೆಗೆದು, ಮೊದಲು ಕ್ರಿಯಾಪದಗಳ ಸಾಲನ್ನು ಹೋಲಿಸು. ನಂತರ ಸಂಗತಿಗಳು ಯಾವ ಕ್ರಮದಲ್ಲಿ ಬಂದಿವೆ ಎಂದು ನೋಡು. ಒಂದೆರಡು ಕಡೆ ಹೊಂದಿದರೆ ಚಿಂತೆಯಿಲ್ಲ, ಗುರುಗಳ ಹೆಸರಿನ ನಂತರ ಪರೀಕ್ಷೆ ಬರುವುದು ಸಹಜವೇ. ಒಂದೇ ಕಡೆ ನಾಲ್ಕೈದು ಪದ ಬೆನ್ನುಬೆನ್ನಿಗೆ ಒಂದೇ ಆಗಿದ್ದು, ಅವು ಹೆಸರುಗಳಲ್ಲದಿದ್ದರೆ, ಆ ವಾಕ್ಯವನ್ನು ತಿದ್ದಲು ಹೋಗಬೇಡ. ತಿದ್ದಿದರೆ ಮತ್ತೆ ಜೊತೆಯ ಪದಗಳನ್ನೇ ಹುಡುಕುತ್ತೀಯೆ. ಅದನ್ನು ಹೊಡೆದುಹಾಕಿ, ಮಾದರಿಯನ್ನು ಮತ್ತೆ ಮುಚ್ಚಿ, ಆ ಪ್ರಶ್ನೆಗೆ ಇನ್ನೊಮ್ಮೆ ಬಾಯಲ್ಲಿ ಉತ್ತರಿಸು.

ನಿನ್ನ ವಾಕ್ಯಗಳನ್ನು ಅಂತರ್ಜಾಲದಲ್ಲಿ ಹುಡುಕಿ ನೋಡಿದರೂ ಎಲ್ಲಿಯೂ ಸಿಗಲಿಲ್ಲ ಎಂದು ನಿನ್ನ ಅಮ್ಮ ಹೇಳಿದಳು. ಅದನ್ನು ನೆಚ್ಚಿಕೊಳ್ಳಬೇಡ. ಉದ್ಧರಣ ಚಿಹ್ನೆ ಹಾಕಿ ಹುಡುಕಿದಾಗ ಅಕ್ಷರಕ್ಕೆ ಅಕ್ಷರ ಹೊಂದಿದ್ದು ಮಾತ್ರ ಬರುತ್ತದೆ. ನಮ್ಮಲ್ಲಿ "ಗೆದ್ದಿದ್ದಾರೆ" ಎಂಬುದು "ಗೆದ್ದಿರುವ", "ಗೆದ್ದವರು" ಎಂದಾದರೆ ಸಾಕು, ತಪ್ಪಿಹೋಗುತ್ತದೆ. ಅದಲ್ಲದೆ ಹಳೆಯ ಕೈಪಿಡಿಗಳಲ್ಲಿ ಎಷ್ಟೋ ಯುನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದವು, ಇಲ್ಲವೇ ಬರೀ ಚಿತ್ರವಾಗಿ ಏರಿಸಿದವು. ಹುಡುಕಾಟಕ್ಕೆ ಅವು ಕಾಣುವುದೇ ಇಲ್ಲ. ಆದರೆ ನಿನ್ನ ಕಛೇರಿಗೆ ಬಂದು ಕೂರುವವರಲ್ಲಿ ಅರ್ಧ ಜನರ ಮನೆಯಲ್ಲಿ ಕಳೆದ ವರ್ಷದ ಕೈಪಿಡಿ ಇದೆ. ಆ ಗಾಯಕಿಯೂ ಮುಂದಿನ ಸಾಲಿನಲ್ಲಿ ಕುಳಿತಿರಬಹುದು.

ಹೊಸದಾಗಿ ಬರೆದದ್ದನ್ನು ಮೊದಲು ನಿನ್ನ ಗುರುಗಳಿಗೆ ತೋರಿಸು. ವರ್ಷಗಳ ಲೆಕ್ಕದಲ್ಲಿ ತಪ್ಪಿದ್ದರೆ ಅವರಿಗೆ ತಿಳಿಯುತ್ತದೆ. ಅದನ್ನೂ ಈ ಬಾರಿ ನೀನು ಇಟ್ಟುಕೊಳ್ಳುವ ಮೂರು ಮಾದರಿಗಳನ್ನೂ ಗುರುವಾರದೊಳಗೆ ನನಗೆ ಕಳಿಸಿದರೆ, ಅಚ್ಚಿಗೆ ಹೋಗುವ ಮುನ್ನ ಓದಿ ಹೇಳುತ್ತೇನೆ. ಕಛೇರಿಗೆ ನಾನೂ ನಿನ್ನ ದೊಡ್ಡಪ್ಪನೂ ಬರುತ್ತೇವೆ. ಅಜ್ಜಿಯ ಆ ಹಳೆಯ ಸೀರೆ ಇನ್ನೂ ಇದ್ದರೆ ವೀಣೆಯ ಕೆಳಗೆ ಹಾಸಲು ತೆಗೆದಿಡು ಎಂದು ಅಮ್ಮನಿಗೆ ಹೇಳು.

ಇತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ